ಬಿಲ್ಡರ್ ಆಯ್ಕೆಯ ವಿಶೇಷ ಸಭೆ: ಮಿನಿಟ್ಸ್ ಬರೆಯುವುದು ಹೇಗೆ?

ಮುಂಬೈ, ಠಾಣೆ, ಡೊಂಬಿವಲಿ ಕಡೆ ಹಳೇ ಕಟ್ಟಡಗಳಲ್ಲಿರುವ ಕನ್ನಡಿಗರಿಗೆ ಈಗ ಹಳೇದನ್ನು ಒಡೆದು ಬಿಲ್ಡರ್ ಕೈಯಲ್ಲಿ ಹೊಸದು ಕಟ್ಟಿಸುವ ರಿಡೆವಲಪ್‌ಮೆಂಟ್ ದಿನನಿತ್ಯದ ಮಾತು. ನಮ್ಮವರಲ್ಲಿ ಸೊಸೈಟಿ ಸೆಕ್ರೆಟರಿಗಳೂ ಜಾಸ್ತಿ. ಲೆಕ್ಕಪತ್ರ ಚೆನ್ನಾಗಿ ನೋಡಿಕೊಳ್ಳುತ್ತಾರೆ ಅಂತ ಎಲ್ಲರೂ ಸೇರಿ ಆ ಕುರ್ಚಿಗೆ ಕೂರಿಸಿಬಿಡುತ್ತಾರೆ. ವಾರ್ಷಿಕ ಸಭೆಯ ಮಿನಿಟ್ಸ್ ಬರೆದು ಅಭ್ಯಾಸ ಇರುತ್ತದೆ. ಬಿಲ್ಡರ್ ಆಯ್ಕೆಯ ಸಭೆ ಬಂದಾಗ ಮಾತ್ರ ಕೈ ತಡೆಯುತ್ತದೆ. ಅಲ್ಲಿ ಬರೆದ ಒಂದೊಂದು ಸಾಲನ್ನೂ ಮುಂದೆ ಬಿಲ್ಡರ್‌ನ ವಕೀಲರು ಓದುತ್ತಾರೆ, ವಿರೋಧಿಸಿದವರ ವಕೀಲರೂ ಓದುತ್ತಾರೆ.

ಈ ಲೇಖನ ಮಹಾರಾಷ್ಟ್ರದ ಸಹಕಾರಿ ಹೌಸಿಂಗ್ ಸೊಸೈಟಿಗಳಿಗೆ ಮಾತ್ರ. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ಕಾನೂನು ಬೇರೆ, ಇದನ್ನು ಅಲ್ಲಿಗೆ ಹಾಗೇ ಹಚ್ಚಬೇಡಿ. ಮಹಾರಾಷ್ಟ್ರದಲ್ಲಿ ಸಹಕಾರಿ ಸಂಘಗಳ ಕಾಯ್ದೆಯ 79ಎ ಕಲಮಿನ ಅಡಿ ಸರ್ಕಾರ 2009ರ ಜನವರಿ 3ರಂದು ಮೊದಲು ನಿರ್ದೇಶನ ಹೊರಡಿಸಿತು. ಅದನ್ನು ಬದಲಿಸಿ 2019ರ ಜುಲೈ 4ರಂದು ಹೊಸದನ್ನು ಕೊಟ್ಟಿತು. ಈಗ ಎಲ್ಲರೂ ಹಿಡಿದು ನಡೆಯುವುದು 2019ರದ್ದನ್ನೇ. ಈ ನಿರ್ದೇಶನ ದಾರಿ ತೋರಿಸಲು ಇರುವುದೇ ಹೊರತು ಅಕ್ಷರಶಃ ಕಡ್ಡಾಯವಲ್ಲ ಎಂದು ಬಾಂಬೆ ಹೈಕೋರ್ಟ್ ಹೇಳಿದ್ದುಂಟು. ಹಾಗಂತ ಬಿಟ್ಟುಬಿಡಬೇಡಿ. ಕ್ರಮ ತಪ್ಪಿದ್ದನ್ನೇ ಹಿಡಿದುಕೊಂಡು ತಕರಾರು ತೆಗೆಯುವವರು ಪ್ರತಿ ಸೊಸೈಟಿಯಲ್ಲೂ ಇದ್ದೇ ಇರುತ್ತಾರೆ.

ವಿವರಿಸಲು ಸುಲಭವಾಗಲಿ ಅಂತ 42 ಸದಸ್ಯರ ಒಂದು ಸೊಸೈಟಿಯನ್ನು ಊಹಿಸಿಕೊಳ್ಳೋಣ. ಎ ಮತ್ತು ಬಿ ಎಂದು ಎರಡು ವಿಂಗ್. ಪಿಎಂಸಿ, ಅಂದರೆ ಪ್ರಾಜೆಕ್ಟ್ ನೋಡಿಕೊಳ್ಳುವ ಸಲಹೆಗಾರರು, ಟೆಂಡರ್‌ಗಳನ್ನು ಪರಿಶೀಲಿಸಿ ಕೊನೆಗೆ ಮೂರು ಬಿಲ್ಡರ್‌ಗಳನ್ನು ಉಳಿಸಿದ್ದಾರೆ. ಅವರನ್ನು ಒಂದನೇ, ಎರಡನೇ, ಮೂರನೇ ಬಿಲ್ಡರ್ ಎಂದು ಕರೆಯೋಣ. ನಿಮ್ಮ ಸೊಸೈಟಿಯ ಮಿನಿಟ್ಸ್ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುತ್ತದೆ. ಕೆಳಗಿನ ಮಾದರಿಗಳ ಅರ್ಥ ಹಿಡಿದು ಅದೇ ಭಾಷೆಯಲ್ಲಿ ಬರೆದುಕೊಳ್ಳಿ.

ಸಭೆಗೆ ಮೊದಲು ಸದಸ್ಯರ ಪಟ್ಟಿ

ಮಿನಿಟ್ಸ್ ಕೆಲಸ ಸಭೆಯ ದಿನ ಶುರುವಾಗುವುದಲ್ಲ. ಒಂದು ವಾರ ಮೊದಲೇ ಶೇರ್ ಸರ್ಟಿಫಿಕೇಟ್ ಪುಸ್ತಕ ಮತ್ತು ಸದಸ್ಯರ ರಿಜಿಸ್ಟರ್ ಎದುರಿಟ್ಟುಕೊಂಡು, ಯಾರಿಗೆ ಮತ ಇದೆ ಎಂಬ ಪಟ್ಟಿ ಮಾಡಬೇಕು. ಇದೊಂದು ಸರಿ ಇದ್ದರೆ ಮುಂದಿನ ಅರ್ಧ ತಲೆನೋವು ಕಡಿಮೆ.

ನಿಯಮ ಸರಳ. ಒಬ್ಬ ಸದಸ್ಯರಿಗೆ ಒಂದೇ ಮತ. ಒಬ್ಬರೇ ಎರಡು ಫ್ಲಾಟ್ ಇಟ್ಟುಕೊಂಡಿದ್ದರೂ ಒಂದೇ. ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಶೇರ್ ಇದ್ದರೆ ಸರ್ಟಿಫಿಕೇಟಿನಲ್ಲಿ ಮೊದಲು ಹೆಸರಿರುವವರಿಗೆ ಮತ. ಅವರು ಸಭೆಗೆ ಬಾರದಿದ್ದರೆ ಎರಡನೇ ಹೆಸರಿನವರಿಗೆ. ಇಬ್ಬರೂ ಬಂದು ಕೂತರೆ ಮತ ಎರಡಾಗುವುದಿಲ್ಲ. ಬೇರೆಯವರ ಪರವಾಗಿ ಪ್ರಾಕ್ಸಿ ನಡೆಯುವುದಿಲ್ಲ. ದುಬೈನಲ್ಲಿರುವ ಮಗ ಊರಲ್ಲಿರುವ ಅಪ್ಪನಿಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದರೂ ಅದರ ಮೇಲೆ ಸಭೆಯಲ್ಲಿ ಮತ ಹಾಕಿಸಲು ಬರುವುದಿಲ್ಲ. ಈ ವಿಷಯದಲ್ಲಿ ಸಭೆಯ ದಿನ ಬಾಗಿಲಲ್ಲಿ ಜಗಳ ಆಗಿಯೇ ಆಗುತ್ತದೆ. ಅದಕ್ಕೇ ನೋಟಿಸಿನಲ್ಲೇ ಎರಡು ಸಾಲು ಬರೆದುಬಿಡಿ.

ಸದಸ್ಯ ತೀರಿಕೊಂಡು, ಮಕ್ಕಳ ಹೆಸರಿಗೆ ಶೇರ್ ಇನ್ನೂ ವರ್ಗವಾಗದ ಫ್ಲಾಟು ಒಂದೆರಡು ಇದ್ದೇ ಇರುತ್ತವೆ. ಅವನ್ನು ಕೊನೇ ಗಳಿಗೆಯಲ್ಲಿ ತೀರ್ಮಾನಿಸಬೇಡಿ. ಕಾಗದ ನೋಡಿ, ಬೇಕಾದರೆ ಸಹಕಾರಿ ಸಂಘಗಳ ಡೆಪ್ಯುಟಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ, ಕಮಿಟಿಯ ನಿರ್ಧಾರವನ್ನು ಮೊದಲೇ ಬರೆದಿಡಿ. ಒಟ್ಟು ಸದಸ್ಯರು 42 ಅಂತ ಒಮ್ಮೆ ಬರೆದ ಮೇಲೆ ಮಿನಿಟ್ಸಿನ ಎಲ್ಲ ಲೆಕ್ಕವೂ ಆ 42ರ ಮೇಲೇ ನಿಲ್ಲುತ್ತದೆ.

ಹಾಜರಿ ಮತ್ತು ಕೋರಂ

ಈ ಸಭೆಗೆ ಕೋರಂ ಒಟ್ಟು ಸದಸ್ಯರ ಮೂರನೇ ಎರಡು ಭಾಗ. 42ಕ್ಕೆ 28. ಅಷ್ಟು ಜನ ಸೇರದಿದ್ದರೆ ಸಭೆ ಮುಂದೂಡಬೇಕು. ರಿಜಿಸ್ಟ್ರಾರ್ ನೇಮಿಸಿದ ಪ್ರತಿನಿಧಿಯೂ ಹಾಜರಿರುತ್ತಾರೆ. ಅವರು ಬಿಲ್ಡರ್‌ನನ್ನು ಆರಿಸಲು ಬಂದವರಲ್ಲ, ಒಪ್ಪಿಗೆ ಕೊಡಲು ಬಂದವರೂ ಅಲ್ಲ. ಕ್ರಮ ಸರಿಯಾಗಿ ನಡೆಯಿತೇ ಎಂದು ನೋಡಲು ಬಂದವರು. ಸಭೆ ಪೂರ್ತಿ ವಿಡಿಯೋ ಆಗಬೇಕು. ಹಾಲ್‌ನೊಳಗೆ ಸದಸ್ಯರು ಮಾತ್ರ, ಗುರುತಿನ ಚೀಟಿ ತೋರಿಸಿ ಒಳಗೆ ಬರಬೇಕು.

ಹಾಜರಿ ಪುಸ್ತಕದಲ್ಲಿ ಫ್ಲಾಟ್ ನಂಬರ್, ಹೆಸರು, ಸಹಿ ಇದ್ದರೆ ಸಾಲದು. ಬಂದ ಸಮಯ ಮತ್ತು ಹೋದ ಸಮಯಕ್ಕೂ ಒಂದೊಂದು ಅಂಕಣ ಹಾಕಿ. ಇಂಥ ಸಭೆ ಮೂರು ನಾಲ್ಕು ತಾಸು ಎಳೆಯುತ್ತದೆ. ಊಟದ ಹೊತ್ತಿಗೆ ಜನ ಸುಮ್ನೆ ಎದ್ದು ಹೋಗುತ್ತಾರೆ. ಮತ ಹಾಕುವಾಗ ಎಷ್ಟು ಜನ ಇದ್ದರು ಎಂಬುದು ಆಗ ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಹಾಲ್‌ನಲ್ಲಿ 39 ಜನ ಕೂತಿದ್ದಾರೆ. ಅವರಲ್ಲಿ ನಾಲ್ವರು ಮೊದಲ ಹೆಸರಿನವರ ಜೊತೆಗೆ ಬಂದ ಎರಡನೇ ಹೆಸರಿನವರು. ಹಾಗಾಗಿ ಮತದ ಲೆಕ್ಕಕ್ಕೆ ಹಾಜರಿ 35. ಮತದಾನಕ್ಕೆ ಮೊದಲು ಇಬ್ಬರು ಹೊರಟುಹೋದರು. ಇದನ್ನು ಹೀಗೆ ಬರೆಯಿರಿ:

> ಸಭೆ ಬೆಳಿಗ್ಗೆ 10:30ಕ್ಕೆ ಕರೆಯಲಾಗಿತ್ತು. 10:50ಕ್ಕೆ ಮತದ ಹಕ್ಕುಳ್ಳ 29 ಸದಸ್ಯರು ಹಾಜರಿದ್ದರು. ಒಟ್ಟು 42 ಸದಸ್ಯರಿಗೆ ಬೇಕಾದ ಕೋರಂ 28 ಇರುವುದನ್ನು ಅಧ್ಯಕ್ಷರು ಪ್ರಕಟಿಸಿ ಸಭೆ ಆರಂಭಿಸಿದರು. ನಂತರ ಬಂದವರು ಸೇರಿ ಒಟ್ಟು ಹಾಜರಿ 35. ಮತದಾನಕ್ಕೆ ಮುಂಚೆ ಎ/203 ಮತ್ತು ಬಿ/402 ಫ್ಲಾಟುಗಳ ಸದಸ್ಯರು ಮಧ್ಯಾಹ್ನ 1:10ಕ್ಕೆ ಸಭೆಯಿಂದ ತೆರಳಿದರು. ಮತದಾನದ ಸಮಯದಲ್ಲಿ ಹಾಜರಿ 33.

ಒಣ ಸಾಲುಗಳು ಅನ್ನಿಸುತ್ತವೆ, ನಿಜ. ಆದರೆ ಮುಂದೆ ಯಾರಾದರೂ "ಮತ ಹಾಕುವಾಗ ಕೋರಮ್ಮೇ ಇರಲಿಲ್ಲ" ಅಂದರೆ ಉತ್ತರ ಇಲ್ಲೇ ಇದೆ. ರಿಜಿಸ್ಟ್ರಾರ್ ಪ್ರತಿನಿಧಿಯ ಹೆಸರು, ಹುದ್ದೆ, ಅವರನ್ನು ನೇಮಿಸಿದ ಆದೇಶದ ನಂಬರ್ ಮತ್ತು ದಿನಾಂಕವನ್ನೂ ಇದೇ ಜಾಗದಲ್ಲಿ ಹಾಕಿ.

ಇನ್ನೊಂದು ಮುಖ್ಯ ಸಾಲು ಉಳಿಯಿತು. ಕಮಿಟಿಯ ಯಾರೂ, ಅವರ ಹತ್ತಿರದ ನೆಂಟರೂ ಬಿಲ್ಡರ್ ಆಗಿರಬಾರದು. ಸಭೆಯ ಆರಂಭದಲ್ಲೇ ಅಧ್ಯಕ್ಷರು ಕಮಿಟಿ ಸದಸ್ಯರನ್ನು ಒಬ್ಬೊಬ್ಬರಾಗಿ ಈ ಬಗ್ಗೆ ಕೇಳಲಿ. "ಸಂಬಂಧ ಇಲ್ಲ ಎಂದು ಎಲ್ಲ ಕಮಿಟಿ ಸದಸ್ಯರೂ ತಿಳಿಸಿದರು" ಎಂದು ಬರೆಯಿರಿ. ಯಾರಿಗಾದರೂ ದೂರದ ವ್ಯವಹಾರ ಇದ್ದರೆ, ಉದಾಹರಣೆಗೆ ಬಿಲ್ಡರ್‌ನ ಆಡಿಟ್ ಕೆಲಸ ಮಾಡುವ ಸಂಸ್ಥೆಯಲ್ಲಿ ನೌಕರಿ, ಅದನ್ನೂ ಮುಚ್ಚುಮರೆ ಇಲ್ಲದೆ ಬರೆಯಿರಿ.

ಆಫರ್‌ಗಳ ಬಗ್ಗೆ ಎಷ್ಟು ಬರೆಯಬೇಕು?

ಕಡಿಮೆ. ಪಿಎಂಸಿ ಮಾಡಿದ ಹೋಲಿಕೆಯ ಪಟ್ಟಿಯನ್ನು ಅನುಬಂಧವಾಗಿ ಲಗತ್ತಿಸಿ, ಅದನ್ನು ಸದಸ್ಯರಿಗೆ ಯಾವತ್ತು ಹಂಚಲಾಯಿತು ಎಂದು ಬರೆಯಿರಿ. ಫ್ಲಾಟಿನ ಕಾರ್ಪೆಟ್ ಜಾಗ, ಬಿಲ್ಡರ್ ಕೊಡುವ ಇಡುಗಂಟು ಅಂದರೆ ಕಾರ್ಪಸ್, ಹೊಸ ಮನೆ ಸಿಗುವವರೆಗಿನ ಬಾಡಿಗೆ ಎಲ್ಲವನ್ನೂ ಮಿನಿಟ್ಸಿನಲ್ಲಿ ಮತ್ತೆ ಟೈಪ್ ಮಾಡಲು ಹೋದರೆ ಒಂದು ಅಂಕಿ ತಪ್ಪಿದರೂ ಎರಡು ದಾಖಲೆ ಎರಡು ಮಾತು ಹೇಳುತ್ತವೆ. ಬಿಲ್ಡರ್‌ಗಳು ಕೊಟ್ಟ ಕೊನೆಯ ಪತ್ರದ ದಿನಾಂಕ ಮಾತ್ರ ತಪ್ಪದೆ ನಮೂದಿಸಿ. ಮಾತುಕತೆಯಲ್ಲಿ ಒಬ್ಬೊಬ್ಬರೂ ಮೂರು ನಾಲ್ಕು ಸಲ ಆಫರ್ ಬದಲಿಸಿರುತ್ತಾರೆ. ಮತ ಬಿದ್ದಿದ್ದು ಯಾವ ಪತ್ರಕ್ಕೆ ಎಂಬುದು ಆಮೇಲೆ ಮರೆತೇ ಹೋಗುತ್ತದೆ.

ಆಕ್ಷೇಪ, ಅನುಮಾನ, ಷರತ್ತು

ಮಿನಿಟ್ಸಿನ ನಿಜವಾದ ಕೆಲಸ ಇಲ್ಲಿದೆ. ಬಹಳಷ್ಟು ಸೆಕ್ರೆಟರಿಗಳು "ಸದಸ್ಯರು ಹಲವು ಪ್ರಶ್ನೆ ಕೇಳಿದರು, ಪಿಎಂಸಿ ಸಮಾಧಾನಕರ ಉತ್ತರ ನೀಡಿದರು" ಎಂದು ಒಂದೇ ಸಾಲಲ್ಲಿ ಮುಗಿಸಿಬಿಡುತ್ತಾರೆ. ಸಮಾಧಾನ ಆಗಿದ್ದು ಯಾರಿಗೆ? ಕೇಳಿದವರಿಗಂತೂ ಆಗಿರುವುದಿಲ್ಲ. ಹಾಗೆ ಬರೆದರೆ ಎರಡು ನಷ್ಟ. ಕೇಳಿದವರು ಮಿನಿಟ್ಸನ್ನೇ ಸುಳ್ಳು ಅನ್ನುತ್ತಾರೆ. ಅದಕ್ಕಿಂತ ದೊಡ್ಡದು, ಒಳ್ಳೆಯ ಆಕ್ಷೇಪವೊಂದು ಬಿಲ್ಡರ್ ಜೊತೆಗಿನ ಕರಾರಿಗೆ ತಲುಪದೆ ಅಲ್ಲೇ ಸತ್ತುಹೋಗುತ್ತದೆ.

ನನ್ನ ಅನುಭವದಲ್ಲಿ ಸಭೆಯಲ್ಲಿ ಎದ್ದು ಮಾತಾಡುವವರು ಮೂರು ಬಗೆ. ಒಬ್ಬರಿಗೆ ಏನೋ ಸ್ಪಷ್ಟವಾಗಬೇಕು. ಇನ್ನೊಬ್ಬರಿಗೆ ಒಪ್ಪಿಗೆ ಇದೆ, ಆದರೆ ಒಂದು ಷರತ್ತು ಇದೆ. ಮತ್ತೊಬ್ಬರದು ನೇರ ವಿರೋಧ. ಈ ಮೂರನ್ನೂ ಬೇರೆ ಬೇರೆ ಬರೆಯಬೇಕು. ಪ್ರತಿಯೊಂದಕ್ಕೂ ಫ್ಲಾಟ್ ನಂಬರ್, ಅವರು ಹೇಳಿದ್ದು, ಬಂದ ಉತ್ತರ, ಕೊನೆಗೆ ಏನು ಮಾಡಲಾಯಿತು ಎಂಬ ನಾಲ್ಕೂ ಇರಲಿ. ಉತ್ತರ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಿರಿ.

ಮೊದಲ ಬಗೆಗೆ ಒಂದು ಉದಾಹರಣೆ ನೋಡೋಣ. ಒಂದನೇ ಬಿಲ್ಡರ್ ಈಗಿನ ಕಾರ್ಪೆಟ್ ಮೇಲೆ 35% ಹೆಚ್ಚು ಕೊಡುತ್ತೇನೆ ಎಂದು ಬರೆದಿದ್ದಾರೆ. ಎ/302ರ ಸದಸ್ಯೆ ಎದ್ದು, "ಇದರಲ್ಲಿ ಬಾಲ್ಕನಿ ಸೇರಿದೆಯಾ?" ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅವರ ಈಗಿನ ಫ್ಲಾಟ್ 425 ಚದರಡಿ. 35% ಸೇರಿಸಿದರೆ 573.75 ಚದರಡಿ. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ ಪ್ರಕಾರ ಕಾರ್ಪೆಟ್ ಅಂದರೆ ಒಳಗಿನ ಬಳಸುವ ಜಾಗ. ಒಳಗೋಡೆಗಳು ಅದರಲ್ಲಿ ಸೇರುತ್ತವೆ. ಹೊರಗೋಡೆ, ಡಕ್ಟ್, ಬಾಲ್ಕನಿ, ತೆರೆದ ಟೆರೇಸ್ ಸೇರುವುದಿಲ್ಲ. ಬಿಲ್ಡರ್ 40 ಚದರಡಿ ಬಾಲ್ಕನಿಯನ್ನು ಆ 573.75ರ ಒಳಗೇ ಸೇರಿಸಿದರೆ ರೇರಾ ಕಾರ್ಪೆಟ್ 533.75 ಮಾತ್ರ. ಹೆಚ್ಚಾಗಿದ್ದು 108.75 ಚದರಡಿ. ಅಂದರೆ 35% ಅಲ್ಲ, ಸುಮಾರು 25.6%. ಆಫರ್ ಪತ್ರದಲ್ಲಿ ಒಂದು ಪದ ಇಲ್ಲದ್ದಕ್ಕೆ ಮನೆಯಲ್ಲಿ ಒಂದು ಚಿಕ್ಕ ಅಡುಗೆಮನೆಯಷ್ಟು ಜಾಗ ಹೋಯಿತು. ಮಿನಿಟ್ಸ್ ಹೀಗಿರಲಿ:

> ಎ/302: ಒಂದನೇ ಬಿಲ್ಡರ್ ಹೇಳಿರುವ 35% ಹೆಚ್ಚುವರಿ ಜಾಗ ರೇರಾ ಕಾರ್ಪೆಟ್ ಪ್ರಕಾರವೇ, ಬಾಲ್ಕನಿ ಅದರಲ್ಲಿ ಸೇರಿದೆಯೇ ಎಂದು ಕೇಳಿದರು. ಆಫರ್ ಪತ್ರದಲ್ಲಿ ಇದು ಸ್ಪಷ್ಟವಿಲ್ಲ ಎಂದು ಪಿಎಂಸಿ ತಿಳಿಸಿದರು. ಬಾಲ್ಕನಿ ಬಿಟ್ಟು ರೇರಾ ಕಾರ್ಪೆಟ್ ಮೇಲೆ 35% ಎಂದು ಬಿಲ್ಡರ್‌ನಿಂದ ಬರಹದಲ್ಲಿ ಪಡೆಯಬೇಕು, ಇದನ್ನು ಠರಾವಿನ ಷರತ್ತಾಗಿ ಸೇರಿಸಬೇಕು ಎಂದು ತೀರ್ಮಾನಿಸಲಾಯಿತು. ಠರಾವಿನ ಷರತ್ತು 1 ನೋಡಿ.

ಕೊನೆಯ ಸಾಲು ಗಮನಿಸಿ. ಆಕ್ಷೇಪ ಬರೆದ ಜಾಗದಿಂದ ಠರಾವಿಗೆ ಒಂದು ದಾರಿ ಹಾಕಿದಂತಾಯಿತು. ಇದಿಲ್ಲದಿದ್ದರೆ ಕರಾರು ಬರೆಯುವ ವಕೀಲರು ಠರಾವನ್ನು ಮಾತ್ರ ಓದುತ್ತಾರೆ. ಮೂರನೇ ಪುಟದ ಚರ್ಚೆಯನ್ನು ಯಾರು ಓದುತ್ತಾರೆ, ಹೇಳಿ?

ಬಿ/104ರ ಹಿರಿಯರ ಅನುಮಾನ ಬಾಡಿಗೆಯದು. ಬಿಲ್ಡರ್ 24 ತಿಂಗಳ ಬಾಡಿಗೆ ಎಂದು ಬರೆದಿದ್ದಾರೆ. ಕೆಲಸ ತಡವಾದರೆ 25ನೇ ತಿಂಗಳು ಯಾರು ಕೊಡುತ್ತಾರೆ? ಇದಕ್ಕೂ ಅದೇ ಕ್ರಮ: ಕೇಳಿದ್ದು, ಉತ್ತರ, ಷರತ್ತು 2. ಹೊಸ ಮನೆಯ ಓಸಿ, ಅಂದರೆ ವಾಸಕ್ಕೆ ಯೋಗ್ಯ ಎಂಬ ಸರ್ಕಾರಿ ಪ್ರಮಾಣಪತ್ರ, ಬಂದು ಕೀಲಿ ಕೈಗೆ ಸಿಗುವವರೆಗೂ ಬಾಡಿಗೆ ನಿಲ್ಲಬಾರದು ಎಂದು ಬರೆಯಬೇಕು. "ಕೆಲಸ ಮುಗಿಯುವವರೆಗೆ" ಎಂದು ಬರೆದರೆ ಸಾಲದು, ಕೆಲಸ ಯಾವಾಗ ಮುಗಿಯಿತು ಅನ್ನುವುದರ ಮೇಲೇ ಇನ್ನೊಂದು ಜಗಳ.

ಈಗ ಎರಡನೇ ಬಗೆ, ಷರತ್ತಿನ ಒಪ್ಪಿಗೆ. ಇದು ಅತಿ ಜಾರುವ ಜಾಗ. ಎ/101ರವರು, "ನನಗೆ ಎರಡು ಕಾರ್ ಪಾರ್ಕಿಂಗ್ ಕೊಟ್ಟರೆ ಮಾತ್ರ ಒಪ್ಪಿಗೆ" ಅನ್ನುತ್ತಾರೆ. ಇದು ಹೌದೋ ಅಲ್ಲವೋ? ಸೆಕ್ರೆಟರಿ ಇದನ್ನು ಹೌದು ಎಂದು ಎಣಿಸಿದರೆ, ನಾಳೆ ಪಾರ್ಕಿಂಗ್ ಸಿಗದಿದ್ದಾಗ ಅವರು "ನಾನು ಒಪ್ಪಿಯೇ ಇರಲಿಲ್ಲ" ಅನ್ನುತ್ತಾರೆ. ಬಹುಮತ ಒಂದೆರಡು ಮತದ ಮೇಲೆ ನಿಂತಿದ್ದರೆ ಇಡೀ ಠರಾವು ಅಲುಗಾಡುತ್ತದೆ. ಅದಕ್ಕೆ ಅಧ್ಯಕ್ಷರು ಅಲ್ಲೇ ಕೇಳಬೇಕು: "ನಿಮ್ಮ ಬೇಡಿಕೆ ಬರೆದುಕೊಳ್ಳುತ್ತೇವೆ. ಅದು ಒಪ್ಪಿಗೆಯಾಗದಿದ್ದರೂ ನಿಮ್ಮ ಮತ ಯಾರಿಗೆ?" ಅವರು ಕೊಡುವ ಉತ್ತರವನ್ನೇ ಬರೆಯಿರಿ:

> ಎ/101: ತಮಗೆ ಎರಡು ಪಾರ್ಕಿಂಗ್ ಬೇಕೆಂದು ಕೇಳಿದರು. ಎಲ್ಲ ಸದಸ್ಯರಿಗೂ ಒಂದೇ ನಿಯಮ ಇರಬೇಕಾದ್ದರಿಂದ ಈ ಬೇಡಿಕೆಯನ್ನು ಸಭೆ ಒಪ್ಪಲಿಲ್ಲ. ಹಾಗಿದ್ದಲ್ಲಿ ತಾವು ತಟಸ್ಥ ಎಂದು ಸದಸ್ಯರು ತಿಳಿಸಿದರು.

ಒಪ್ಪಿಗೆ ಪತ್ರದ ಫಾರ್ಮಿನ ಅಂಚಿನಲ್ಲಿ ಪೆನ್ನಿನಿಂದ ಷರತ್ತು ಗೀಚಿ ಕೊಡುವವರೂ ಇದ್ದಾರೆ. ಅಂಥ ಫಾರ್ಮನ್ನು ಸಭೆಯಲ್ಲೇ ಓದಿ ಹೇಳಿ, ಅದೇ ಪ್ರಶ್ನೆ ಕೇಳಿ. ತೆಗೆದುಕೊಂಡು ಫೈಲಿನೊಳಗೆ ಇಟ್ಟುಬಿಡಬೇಡಿ.

ಮೂರನೆಯದು ನೇರ ವಿರೋಧ. ಬಿ/501ರವರ ವಾದ: ಒಂದನೇ ಬಿಲ್ಡರ್ ಇಷ್ಟು ದೊಡ್ಡ ರಿಡೆವಲಪ್‌ಮೆಂಟ್ ಹಿಂದೆ ಮುಗಿಸಿಯೇ ಇಲ್ಲ, ಎರಡನೆಯವರು ಕೊಡುವುದು ಕಡಿಮೆಯಾದರೂ ಮುಗಿಸಿ ತೋರಿಸಿದವರು. ಇದನ್ನು ಮೃದು ಮಾಡಿ ಬರೆಯುವ ಆಸೆ ಬರುತ್ತದೆ. ಬೇಡ. ಅವರು ಹೇಳಿದ ಕಾರಣವನ್ನು ಎರಡು ಮೂರು ಸಾಲಲ್ಲಿ ನೇರವಾಗಿ ಬರೆದು, "ತಮ್ಮ ವಿರೋಧ ದಾಖಲಾಗಬೇಕೆಂದು ಕೋರಿದರು" ಎಂದು ಸೇರಿಸಿ. ಅವರೇ ಬರೆದು ಕೊಟ್ಟರೆ ಇನ್ನೂ ಒಳ್ಳೆಯದು, ಅದನ್ನು ಅನುಬಂಧ ಮಾಡಿ. ಆದರೆ ಬೈಗುಳ, "ಕಮಿಟಿಯವರು ದುಡ್ಡು ತಿಂದಿದ್ದಾರೆ" ಎಂಬಂಥ ಮಾತು ಬಂದರೆ ಅದನ್ನು ಅಕ್ಷರಶಃ ಇಳಿಸಬೇಕಿಲ್ಲ. "ಆಯ್ಕೆಯ ಕ್ರಮದ ಬಗ್ಗೆ ಆರೋಪ ಮಾಡಿದರು, ಆಧಾರ ಇದ್ದರೆ ಬರಹದಲ್ಲಿ ಕೊಡಲು ಅಧ್ಯಕ್ಷರು ತಿಳಿಸಿದರು" ಎಂದರೆ ಸಾಕು. ಮೂಲ ಮಾತು ವಿಡಿಯೋದಲ್ಲಿ ಇದ್ದೇ ಇದೆ.

ವಿರೋಧಿಸಿದವರಿಗೂ ಒಂದು ಮಾತು ಹೇಳಬೇಕು. ಸರ್ವಸಾಧಾರಣ ಸಭೆ ನಿಯಮದಂತೆ ಠರಾವು ಮಾಡಿದರೆ ಅದು ಒಪ್ಪದ ಸದಸ್ಯರನ್ನೂ ಕಟ್ಟಿಹಾಕುತ್ತದೆ ಎಂದು ಬಾಂಬೆ ಹೈಕೋರ್ಟ್ ಮತ್ತೆ ಮತ್ತೆ ಹೇಳಿದೆ. ಠರಾವನ್ನೇ ಪ್ರಶ್ನಿಸಿ ರದ್ದು ಮಾಡಿಸದೆ, ನಾನು ಒಪ್ಪಿಲ್ಲ ಅಂತ ಮನೆ ಖಾಲಿ ಮಾಡದೆ ಕೂತರೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ವಿರೋಧ ದಾಖಲಿಸುವುದರಿಂದ ಪ್ರಾಜೆಕ್ಟ್ ನಿಲ್ಲುವುದಿಲ್ಲ. ಯಾವ ಕಾರಣಕ್ಕೆ ವಿರೋಧಿಸಿದಿರಿ ಎಂಬುದು ಅವತ್ತೇ ಹೇಳಿದ್ದು, ಆಮೇಲೆ ಹುಟ್ಟಿಸಿದ್ದಲ್ಲ ಎಂಬುದಕ್ಕೆ ಸಾಕ್ಷಿ ಸಿಗುತ್ತದೆ.

ಮತದ ಲೆಕ್ಕ

ಕೈ ಎತ್ತಿಸಿ ಎಣಿಸುವ ಕೆಲಸ ಈ ಸಭೆಗೆ ಬೇಡ. ಫ್ಲಾಟ್ ನಂಬರ್, ಹೆಸರು, ಮೂರು ಬಿಲ್ಡರ್‌ಗಳ ಹೆಸರು, "ತಟಸ್ಥ" ಎಂಬ ಒಂದು ಚೌಕ, ಸಹಿ ಇರುವ ಚೀಟಿ ಕೊಡಿ. ಗುಟ್ಟಿನ ಮತ ಇರಲಿ ಅನ್ನುವವರು ಇರುತ್ತಾರೆ. ಆದರೆ ಇಲ್ಲಿ ಬೇಕಿರುವುದು ಲಿಖಿತ ಒಪ್ಪಿಗೆ, ಸಹಿ ಇಲ್ಲದ ಒಪ್ಪಿಗೆ ಉಪಯೋಗಕ್ಕಿಲ್ಲ.

ನಮ್ಮ ಸೊಸೈಟಿಯಲ್ಲಿ ಫಲಿತಾಂಶ ಹೀಗೆ ಬಂತು ಎಂದುಕೊಳ್ಳೋಣ:

| | ಮತ |
|---|---|
| ಒಂದನೇ ಬಿಲ್ಡರ್ | 24 |
| ಎರಡನೇ ಬಿಲ್ಡರ್ | 6 |
| ಮೂರನೇ ಬಿಲ್ಡರ್ | 1 |
| ತಟಸ್ಥ | 2 |
| ಒಟ್ಟು | 33 |

ಈಗ ಶೇಕಡಾವಾರು ಬರೆಯಬೇಕು. 24ನ್ನು 33ರಿಂದ ಭಾಗಿಸಿದರೆ 72.7% ಬರುತ್ತದೆ. ನೋಡಲು ಚೆಂದ. ಆದರೆ ಠರಾವಿಗೆ ಬೇಕಾದ ಲೆಕ್ಕ ಅದಲ್ಲ. ಬೇಕಾಗಿರುವುದು ಒಟ್ಟು ಸದಸ್ಯರಲ್ಲಿ 51% ಜನರ ಲಿಖಿತ ಒಪ್ಪಿಗೆ. 42ರ 51% ಅಂದರೆ 21.42. ಅರ್ಧ ಮನುಷ್ಯ ಇರುವುದಿಲ್ಲವಲ್ಲ, ಹಾಗಾಗಿ 22. ಬಂದಿರುವುದು 24, ಅಂದರೆ 57.1%. ಪಾಸಾಯಿತು.

ಇದೇ ಸಭೆಯಲ್ಲಿ ಒಂದನೇ ಬಿಲ್ಡರ್‌ಗೆ 21 ಮತ ಬಿದ್ದಿದ್ದರೆ? ಮತ ಹಾಕಿದವರಲ್ಲಿ ಅದು 63.6%. ಚಪ್ಪಾಳೆ ತಟ್ಟಿ, ಪೇಡಾ ಹಂಚಿ ಎಲ್ಲರೂ ಮನೆಗೆ ಹೋಗಿಬಿಡುತ್ತಿದ್ದರು. ಆದರೆ ಒಟ್ಟು 42ರಲ್ಲಿ ಅದು ಬರೀ 50%. ಆಯ್ಕೆ ಆಗಿಲ್ಲ. ಮತ ಸಮ ಬಿದ್ದಾಗ ಅಧ್ಯಕ್ಷರಿಗೆ ಇರುವ ಹೆಚ್ಚುವರಿ ಮತ ಕೂಡ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಇಲ್ಲಿ ಸಮ ಬಿದ್ದದ್ದು ಏನೂ ಇಲ್ಲ. ಹಾಗಾಗಿ ಮಿನಿಟ್ಸಿನಲ್ಲಿ ಒಟ್ಟು ಸದಸ್ಯರ ಶೇಕಡಾವಾರನ್ನು ಮೊದಲು ಬರೆಯಿರಿ. ಹಾಜರಿದ್ದವರ ಶೇಕಡಾವಾರು ಬೇಕೇ ಬೇಕು ಅನ್ನಿಸಿದರೆ ಪಕ್ಕದಲ್ಲಿ, ಯಾವುದರ ಶೇಕಡಾ ಎಂದು ಹೇಳಿ ಬರೆಯಿರಿ. ಬರೀ "73% ಬಹುಮತ" ಎಂದು ಬರೆದು ಬಿಡಬೇಡಿ.

ಸಭೆ ಮುಗಿದ ಮೇಲೆ ಬಾರದವರಿಂದ ಒಪ್ಪಿಗೆ ಪತ್ರ ಬರಲು ಶುರುವಾಗುತ್ತದೆ. ಬರಲಿ, ಇಟ್ಟುಕೊಳ್ಳಿ. ಪ್ಲಾನ್ ಪಾಸ್ ಮಾಡಿಸುವಾಗ ಅವು ಉಪಯೋಗಕ್ಕೆ ಬರುತ್ತವೆ. ಆದರೆ ಅವನ್ನು ಸಭೆಯ 24ಕ್ಕೆ ಕೂಡಿಸಿ 26 ಎಂದು ಬರೆಯುವಂತಿಲ್ಲ. ಮಿನಿಟ್ಸ್ ಅಂದರೆ ಆ ಹಾಲ್‌ನಲ್ಲಿ ಆ ಹೊತ್ತಿಗೆ ನಡೆದದ್ದು. ಆಮೇಲೆ ಬಂದ ಪತ್ರಗಳಿಗೆ ಬೇರೆ ಪಟ್ಟಿ, ಬೇರೆ ದಿನಾಂಕ.

ಎಣಿಕೆ ಮುಗಿದ ಕೂಡಲೇ, ಜನ ಏಳುವ ಮುಂಚೆ, ರಿಜಿಸ್ಟ್ರಾರ್ ಪ್ರತಿನಿಧಿಯ ಜೊತೆ ಕೂತು ಅಂಕಿ ತಾಳೆ ನೋಡಿ. ಅವರು ತಮ್ಮ ಕಚೇರಿಗೆ ಬೇರೆ ವರದಿ ಕೊಡುತ್ತಾರೆ. ಅದರಲ್ಲಿ ಹಾಜರಿ 39, ನಿಮ್ಮದರಲ್ಲಿ 35 ಎಂದು ಬಂದರೆ, ಎರಡನೇ ಹೆಸರಿನ ಆ ನಾಲ್ವರನ್ನು ವಿವರಿಸುತ್ತಾ ಎಷ್ಟು ಸಲ ಕಚೇರಿಗೆ ಓಡಬೇಕೋ! ಮತದ ಹಾಳೆಯ ಮೇಲೆ ಅಧ್ಯಕ್ಷರು, ಸೆಕ್ರೆಟರಿ, ಪ್ರತಿನಿಧಿ ಮೂವರ ಸಹಿ ಅಲ್ಲೇ ಆಗಲಿ.

ಠರಾವು ಬರೆಯುವುದು

ಠರಾವು ಚಿಕ್ಕದಾಗಿ, ಬಿಗಿಯಾಗಿ ಇರಬೇಕು. "ಒಂದನೇ ಬಿಲ್ಡರ್‌ನನ್ನು ಆರಿಸಲಾಯಿತು, ಮುಂದಿನ ಎಲ್ಲ ಅಧಿಕಾರ ಕಮಿಟಿಗೆ" ಎಂದು ಬರೆದರೆ ಅದು ಖಾಲಿ ಚೆಕ್. ಕಮಿಟಿಯವರು ಪ್ರಾಮಾಣಿಕರೇ ಇರಬಹುದು. ಆದರೂ ಮುಂದಿನ ಮಾತುಕತೆಯಲ್ಲಿ ಬಿಲ್ಡರ್ "ಇದನ್ನು ಕಡಿಮೆ ಮಾಡಿ" ಅಂದಾಗ, "ನಮಗೆ ಅಧಿಕಾರ ಇಲ್ಲ, ಠರಾವು ನೋಡಿ" ಎಂದು ಹೇಳಲು ಕಮಿಟಿಗೂ ಒಂದು ಆಸರೆ ಬೇಕು.

> ಠರಾವು: ಒಂದನೇ ಬಿಲ್ಡರ್‌ನವರ ಅಂತಿಮ ಆಫರ್ ಪತ್ರವನ್ನು (ಅನುಬಂಧ 3) ಕೆಳಗಿನ ಷರತ್ತುಗಳೊಂದಿಗೆ ಒಪ್ಪಿ, ಅವರನ್ನು ಸೊಸೈಟಿಯ ರಿಡೆವಲಪ್‌ಮೆಂಟ್‌ಗೆ ಆರಿಸಲಾಗಿದೆ.
>
> ಷರತ್ತು 1: 35% ಹೆಚ್ಚುವರಿ ಜಾಗವನ್ನು ಬಾಲ್ಕನಿ ಬಿಟ್ಟು ರೇರಾ ಕಾರ್ಪೆಟ್ ಮೇಲೆ ಕೊಡಬೇಕು.
>
> ಷರತ್ತು 2: ಓಸಿ ಸಹಿತ ಹೊಸ ಫ್ಲಾಟಿನ ಕೀಲಿ ಕೊಡುವವರೆಗೂ ಬಾಡಿಗೆ ಮುಂದುವರಿಯಬೇಕು.
>
> ಷರತ್ತು 3: ಪ್ರಾಜೆಕ್ಟ್ ವೆಚ್ಚದ 20% ಬ್ಯಾಂಕ್ ಗ್ಯಾರಂಟಿ ಕೊಡಬೇಕು.
>
> ಆಫರ್ ಪತ್ರದಲ್ಲಿ ಸದಸ್ಯರಿಗೆ ಸಿಗಬೇಕಾದ ಯಾವುದನ್ನೂ ಕಡಿಮೆ ಮಾಡುವ ಅಧಿಕಾರ ಕಮಿಟಿಗೆ ಇಲ್ಲ. ಕರಾರಿನ ಕರಡನ್ನು ಸಹಿಗೆ ಮೊದಲು ಸರ್ವಸಾಧಾರಣ ಸಭೆಯ ಮುಂದೆ ಇಡಬೇಕು.
>
> ಸೂಚಿಸಿದವರು: ಎ/402. ಅನುಮೋದಿಸಿದವರು: ಬಿ/203. ಪರ 24, ಎರಡನೇ ಬಿಲ್ಡರ್ ಪರ 6, ಮೂರನೇ ಬಿಲ್ಡರ್ ಪರ 1, ತಟಸ್ಥ 2. ಒಟ್ಟು 42 ಸದಸ್ಯರಲ್ಲಿ 57.1% ಒಪ್ಪಿಗೆಯಿಂದ ಠರಾವು ಪಾಸಾಗಿದೆ.

ಸೊಸೈಟಿಯ ನಿಜವಾದ ಠರಾವಿನಲ್ಲಿ ಬಿಲ್ಡರ್ ಸಂಸ್ಥೆಯ ಪೂರ್ತಿ ನೋಂದಾಯಿತ ಹೆಸರು, ಆಫರ್ ಪತ್ರದ ದಿನಾಂಕ ಬರಬೇಕು. ಬ್ರ್ಯಾಂಡಿನ ಹೆಸರು ಸಾಲದು. ಒಂದೇ ಬ್ರ್ಯಾಂಡಿನ ಕೆಳಗೆ ಹತ್ತು ಕಂಪನಿ ಇರುತ್ತವೆ. ಹೆಸರು ಹಾಕಿದವರು ಒಬ್ಬರು, ಕೊನೆಗೆ ಕರಾರಿಗೆ ಬರುವವರು ನಿನ್ನೆ ಮೊನ್ನೆ ಹುಟ್ಟಿದ ಇನ್ನೊಂದು ಎಲ್‌ಎಲ್‌ಪಿ.

ಬ್ಯಾಂಕ್ ಗ್ಯಾರಂಟಿಯ 20% ಸರ್ಕಾರಿ ನಿರ್ದೇಶನದಲ್ಲೇ ಇದೆ. ಆದರೂ ಬಿಲ್ಡರ್‌ಗಳು ಮೊದಲು ಚೌಕಾಸಿಗೆ ಇಳಿಯುವುದು ಅದರ ಮೇಲೇ. ಠರಾವಿನಲ್ಲಿ ಬರೆದಿದ್ದರೆ ಮಾತು ಅಲ್ಲಿಗೆ ನಿಲ್ಲುತ್ತದೆ.

ಕರಡು ಹಂಚುವುದು, ತಿದ್ದುವುದು

ಮಾದರಿ ಉಪವಿಧಿಗಳು ಕಮಿಟಿಗೆ ಕರಡು ಮುಗಿಸಲು ಮೂರು ತಿಂಗಳು ಕೊಡುತ್ತವೆ. ಅಷ್ಟು ಕಾಯಬೇಡಿ. ನೆನಪು ಹಸಿಯಾಗಿರುವಾಗ, ಹತ್ತು ದಿನದೊಳಗೆ ಎಲ್ಲ ಸದಸ್ಯರಿಗೂ ಕರಡು ತಲುಪಲಿ. ಸಭೆಗೆ ಬಾರದವರಿಗೂ ಕೊಡಬೇಕು. ಅಭಿಪ್ರಾಯ ತಿಳಿಸಲು ಸದಸ್ಯರಿಗೆ 15 ದಿನ ಇರುತ್ತದೆ. ವಾಟ್ಸಾಪ್ ಗುಂಪಿಗೆ ಹಾಕಿ ಕೈ ತೊಳೆದುಕೊಳ್ಳಬೇಡಿ, ಇಮೇಲ್ ಅಥವಾ ಕೈಯಲ್ಲಿ ಕೊಟ್ಟು ಸಹಿ ಪಡೆಯಿರಿ.

ತಿದ್ದುಪಡಿಗಳು ಬರುತ್ತವೆ. ಅವುಗಳಲ್ಲಿ ಎರಡು ಜಾತಿ. "ನಾನು 24 ತಿಂಗಳು ಅಂದಿದ್ದೆ, ನೀವು 20 ಅಂತ ಬರೆದಿದ್ದೀರಿ" ಅನ್ನುವುದು ನಿಜವಾದ ತಿದ್ದುಪಡಿ. ವಿಡಿಯೋ ನೋಡಿ, ಸರಿ ಇದ್ದರೆ ಬದಲಿಸಿ. ವಿಡಿಯೋದ ಯಾವ ನಿಮಿಷದಲ್ಲಿ ಆ ಮಾತಿದೆ ಎಂದು ಪಕ್ಕದಲ್ಲಿ ಗುರುತು ಹಾಕಿಕೊಂಡರೆ ಆಮೇಲೆ ಹುಡುಕುವ ಕಷ್ಟವಿಲ್ಲ. "ಕಾರ್ಪಸ್ ಬಗ್ಗೆಯೂ ನನ್ನ ವಿರೋಧ ಇದೆ, ಸೇರಿಸಿ" ಎಂದು ಸಭೆಯಲ್ಲಿ ಬಾಯಿ ಬಿಡದವರು ಬರೆದರೆ ಅದು ತಿದ್ದುಪಡಿಯಲ್ಲ, ಆಮೇಲೆ ಹೊಳೆದದ್ದು. ಅದನ್ನು ಮಿನಿಟ್ಸಿನ ಒಳಗೆ ಸೇರಿಸಬೇಡಿ. ಹಾಗಂತ ಕಸದ ಬುಟ್ಟಿಗೂ ಹಾಕಬೇಡಿ. "ಕರಡಿನ ಮೇಲೆ ಬಂದ ಪತ್ರಗಳು" ಎಂಬ ಅನುಬಂಧದಲ್ಲಿ ದಿನಾಂಕ ಸಹಿತ ಇಡಿ. ಕರಾರಿನ ಕರಡು ಚರ್ಚೆಗೆ ಬಂದಾಗ ಆ ಪತ್ರ ತೆಗೆದು ಮುಂದೆ ಇಡಬಹುದು.

ತನ್ನ ಮತವನ್ನೇ ಬದಲಿಸಿ ಎಂದು ಬರೆಯುವವರೂ ಸಿಗುತ್ತಾರೆ. ಅದಕ್ಕೆ ಉತ್ತರ ಒಂದೇ: ಸಹಿ ಮಾಡಿದ ಚೀಟಿ ಇದೆ, ಅದು ಹಾಗೇ ಉಳಿಯುತ್ತದೆ. ಮನಸ್ಸು ಬದಲಾಗಿದೆ ಎಂಬ ಪತ್ರವನ್ನು ಬೇರೆಯಾಗಿ ಫೈಲ್ ಮಾಡುತ್ತೇವೆ.

ಅಂತಿಮ ಮಿನಿಟ್ಸನ್ನು ಕಮಿಟಿ ಒಪ್ಪಿದ ಮೇಲೆ ಮಿನಿಟ್ಸ್ ಪುಸ್ತಕಕ್ಕೆ ಏರಿಸಿ, ಪ್ರತಿ ಪುಟಕ್ಕೂ ಅಧ್ಯಕ್ಷರ ಮತ್ತು ಸೆಕ್ರೆಟರಿಯ ಸಹಿ ಹಾಕಿಸಿ. ಕಂಪ್ಯೂಟರ್ ಪ್ರಿಂಟ್ ಅಂಟಿಸುವುದಾದರೆ ಸಹಿ ಅರ್ಧ ಹಾಳೆಯ ಮೇಲೆ, ಅರ್ಧ ಪುಸ್ತಕದ ಮೇಲೆ ಬೀಳುವಂತಿರಲಿ, ಪುಟ ಬದಲಾಯಿಸಿದರೆ ಗೊತ್ತಾಗುತ್ತದೆ. ಒಂದು ಪ್ರತಿ ಡೆಪ್ಯುಟಿ ರಿಜಿಸ್ಟ್ರಾರ್ ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಪಡೆಯಿರಿ. ಒಂದು ಪಿಎಂಸಿಗೆ, ಒಂದು ಸೊಸೈಟಿಯ ವಕೀಲರಿಗೆ. ಮತದ ಚೀಟಿಗಳನ್ನು ಲಕೋಟೆಯಲ್ಲಿ ಹಾಕಿ ಸೀಲ್ ಮಾಡಿ. ವಿಡಿಯೋವನ್ನು ಎರಡು ಪೆನ್‌ಡ್ರೈವ್‌ಗೆ ಹಾಕಿ, ಒಂದು ಸೊಸೈಟಿ ಕಪಾಟಿನಲ್ಲಿ, ಇನ್ನೊಂದು ಖಜಾಂಚಿಯವರ ಹತ್ತಿರ. ಕಟ್ಟಡ ಒಡೆಯುವಾಗ ಸೊಸೈಟಿ ಆಫೀಸೂ ಒಡೆಯುತ್ತದೆ ಎಂಬುದನ್ನು ಮರೆಯಬೇಡಿ. ಕಪಾಟು ಯಾರ ಬಾಡಿಗೆ ಮನೆಗೆ ಹೋಗುತ್ತದೆ ಎಂಬುದನ್ನೂ ಕಮಿಟಿ ಸಭೆಯಲ್ಲಿ ತೀರ್ಮಾನಿಸಿ, ಅದಕ್ಕೂ ಒಂದು ಸಾಲಿನ ಮಿನಿಟ್ಸ್ ಬರೆದಿಡಿ.